ಮಧ್ಯಸ್ಥಿಕೆಯ ದಿನ ಗ್ರಾಹಕರು ಆಡಬೇಕಾದ ಮೊದಲ ಮೂರು ನಿಮಿಷದ ಮಾತು



ಕಂಪನಿಯ ಮೇಲೆ ಗ್ರಾಹಕ ಆಯೋಗದಲ್ಲಿ ದೂರು ಹಾಕಿದವರಿಗೆ ಒಂದು ಹಂತದಲ್ಲಿ ಹೊಸ ಮಾತು ಕೇಳಿಬರುತ್ತದೆ. "ಮಧ್ಯಸ್ಥಿಕೆಗೆ ಒಪ್ಪತೀರೇನು, ಬರೆದು ಕೊಡ್ರಿ ಅಂದಾರ. ಅಲ್ಲಿ ಹೋಗಿ ಏನು ಮಾತಾಡಬೇಕ್ರಿ?" ಎಂದು ನಮ್ಮವರು ಕೇಳುತ್ತಾರೆ. ದೂರು ಬರೆಯುವುದು ಹೇಗೆಂದು ಹೇಳುವವರು ಬಹಳ ಮಂದಿ ಸಿಗುತ್ತಾರೆ. ಮಧ್ಯಸ್ಥರ ಮುಂದೆ ಕುಳಿತಾಗ ಮೊದಲು ಬಾಯಿ ತೆರೆದು ಏನು ಹೇಳಬೇಕೆಂದು ಹೇಳುವವರು ಕಡಿಮೆ. ಆದ್ದರಿಂದ ಈ ಸಲ ಆ ಒಂದು ವಿಷಯವನ್ನೇ ಬರೆಯುತ್ತಿದ್ದೇನೆ.

ಮೊದಲು, ಈ ಮಧ್ಯಸ್ಥಿಕೆ ಎಲ್ಲಿಂದ ಬಂತು ಎಂಬುದನ್ನು ನೋಡೋಣ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈಯಲ್ಲಿ ಜಾರಿಗೆ ಬಂತು. ಅದರ 37ನೇ ಕಲಂ ಪ್ರಕಾರ, ದೂರನ್ನು ದಾಖಲು ಮಾಡಿಕೊಂಡ ನಂತರ ಮೊದಲ ವಿಚಾರಣೆಯಲ್ಲಿ ಅಥವಾ ಮುಂದೆ ಯಾವಾಗಲಾದರೂ, ಇದು ಮಾತುಕತೆಯಲ್ಲಿ ಮುಗಿಯಬಹುದು ಎಂದು ಆಯೋಗಕ್ಕೆ ಅನ್ನಿಸಿದರೆ, ಐದು ದಿನದೊಳಗೆ ಲಿಖಿತ ಒಪ್ಪಿಗೆ ಕೊಡಿರೆಂದು ಎರಡೂ ಕಡೆಯವರಿಗೆ ಹೇಳಬಹುದು. ಇಬ್ಬರೂ ಒಪ್ಪಿದರೆ ಮಾತ್ರ ಪ್ರಕರಣ ಮಧ್ಯಸ್ಥಿಕೆಗೆ ಹೋಗುತ್ತದೆ. ಸಾವಿಗೆ ಅಥವಾ ಗಂಭೀರ ಗಾಯಕ್ಕೆ ಕಾರಣವಾದ ವೈದ್ಯಕೀಯ ನಿರ್ಲಕ್ಷ್ಯ, ಕಾಗದಪತ್ರ ಸೃಷ್ಟಿಸಿದ ಅಥವಾ ವಂಚಿಸಿದ ಗಂಭೀರ ಆರೋಪ, ಇಂಥವುಗಳನ್ನು ಮಧ್ಯಸ್ಥಿಕೆಗೆ ಕಳಿಸುವುದಿಲ್ಲ. ಮೋಟರ್, ಫ್ರಿಜ್, ಮೊಬೈಲ್, ಗಾಡಿ, ವಿಮೆಯ ಕ್ಲೇಮು ಇಂಥವು ಹೋಗಬಹುದು.

ಮಧ್ಯಸ್ಥರು ನ್ಯಾಯಾಧೀಶರಲ್ಲ ಎಂಬುದನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಅವರು ತೀರ್ಪು ಕೊಡುವುದಿಲ್ಲ. ನಿಮ್ಮ ಹಣ ಕೊಡುವವರು ಮೇಜಿನ ಆಚೆ ಕುಳಿತಿರುವ ಕಂಪನಿಯವರು. ಆದರೆ ಅಲ್ಲಿ ಬಂದು ಕುಳಿತವರು ಹೆಚ್ಚಾಗಿ ಕಂಪನಿಯ ಮಾಲೀಕರಲ್ಲ, ಒಬ್ಬ ಏರಿಯಾ ಅಧಿಕಾರಿ ಅಥವಾ ವಕೀಲರು. ಅವರು ನಿಮ್ಮ ಮಾತು ಕೇಳಿ, ಹೊರಗೆ ಹೋಗಿ, ಮೇಲಿನವರಿಗೆ ಫೋನ್ ಮಾಡಿ, "ಹೀಗೀಗೆ ಆಗಿದೆ, ಇಷ್ಟು ಕೇಳುತ್ತಿದ್ದಾರೆ, ಕೊಡೋಣವೇ?" ಎಂದು ಕೇಳಬೇಕು. ಆದ್ದರಿಂದ ನಿಮ್ಮ ಆರಂಭದ ಹೇಳಿಕೆಗೆ ಒಂದೇ ಪರೀಕ್ಷೆ: ಅದನ್ನು ಕೇಳಿದ ಕಂಪನಿಯ ಮನುಷ್ಯ ಫೋನಿನಲ್ಲಿ ತಪ್ಪಿಲ್ಲದೆ ತಿರುಗಿ ಹೇಳಬಲ್ಲನೇ? ಹೇಳಬಲ್ಲನಾದರೆ ಹೇಳಿಕೆ ಸರಿಯಾಗಿದೆ. ಇಪ್ಪತ್ತು ನಿಮಿಷ ಸಿಟ್ಟಿನಿಂದ ಮಾತಾಡಿದರೆ ಅವನು ಫೋನಿನಲ್ಲಿ ಹೇಳುವುದು ಒಂದೇ ಮಾತು, "ಪಾರ್ಟಿ ಬಹಳ ಸಿಟ್ಟಿನಲ್ಲಿದೆ ಸರ್" ಎಂದು.

ಯಾವ ಊರಿನಲ್ಲಿ, ಯಾವ ಭಾಷೆಯಲ್ಲಿ

ಗಡಿಯವರಾದ ನಮಗೆ ಇದು ಮೊದಲ ಪ್ರಶ್ನೆ. ಹಳೆಯ ಕಾಯ್ದೆಯಲ್ಲಿ ಕಂಪನಿ ಅಥವಾ ಅಂಗಡಿ ಇದ್ದ ಕಡೆ, ಇಲ್ಲವೆ ವ್ಯವಹಾರ ನಡೆದ ಕಡೆ ದೂರು ಹಾಕಬೇಕಿತ್ತು. ಈಗಿನ ಕಾಯ್ದೆಯ 34ನೇ ಕಲಂ ಪ್ರಕಾರ ಗ್ರಾಹಕ ವಾಸವಿರುವ ಜಿಲ್ಲೆಯಲ್ಲೂ ಹಾಕಬಹುದು. ತಿಕೋಂಡಿಯವರಿಗೆ ಅದು ಸಾಂಗಲಿ. ಅಲ್ಲಿಯ ಫಲಕದ ಮೇಲೆ 'ಜಿಲ್ಹಾ ಗ್ರಾಹಕ ತಕ್ರಾರ ನಿವಾರಣ ಆಯೋಗ' ಎಂದಿರುತ್ತದೆ, ಮಾತುಕತೆ ಮರಾಠಿಯಲ್ಲಿ ನಡೆಯುತ್ತದೆ. ಆದರೆ ನಮ್ಮಲ್ಲಿ ಬಹಳ ಮಂದಿ ದೊಡ್ಡ ಖರೀದಿಯನ್ನು ವಿಜಯಪುರದಲ್ಲಿ ಮಾಡುತ್ತಾರೆ. ಅಂಗಡಿ ಅಲ್ಲಿದ್ದರೆ, ಬಿಲ್ಲು ಅಲ್ಲಿಯದಾದರೆ, ವಿಜಯಪುರದ ಜಿಲ್ಲಾ ಆಯೋಗದಲ್ಲೂ ದೂರು ಹಾಕಬಹುದು. ಅಲ್ಲಿ ಕನ್ನಡದಲ್ಲಿ ಮಾತಾಡಬಹುದು. ಎಲ್ಲಿ ಹಾಕಬೇಕೆಂದು ನಿಶ್ಚಯಿಸುವಾಗ ಬಸ್ಸಿನ ಖರ್ಚಿನ ಜೊತೆಗೆ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಧ್ಯಸ್ಥಿಕೆಯಲ್ಲಿ ನಿಮ್ಮ ಬಾಯಿಯ ಮಾತೇ ಮುಖ್ಯ. ಮರಾಠಿ ಬರುತ್ತದೆ ಎಂದರೂ, ಲೆಕ್ಕ ಹೇಳುವಾಗ ಮತ್ತು ಮನಸ್ಸು ಕಲಕಿದಾಗ ತಾಯಿನುಡಿಯೇ ಹಗುರ.

ಸಾಂಗಲಿಯಲ್ಲಿ ಹಾಕಿದ್ದರೆ ಹೇಳಿಕೆಯನ್ನು ಮೊದಲು ಕನ್ನಡದಲ್ಲಿ ಬರೆದು, ಬಲ್ಲವರಿಂದ ಮರಾಠಿ ಮಾಡಿಸಿ, ಎರಡನ್ನೂ ಕೈಯಲ್ಲಿ ಹಿಡಿದುಕೊಳ್ಳಿ. ಎಲ್ಲಿಯೇ ಆಗಲಿ, ಕಂಪನಿಯಿಂದ ಬಂದವರಿಗೆ ನಿಮ್ಮ ಭಾಷೆ ಬಾರದಿದ್ದರೆ ತಾರೀಖು ಮತ್ತು ಮೊತ್ತ ಬರೆದ ಒಂದು ಪುಟವನ್ನು ಇಂಗ್ಲಿಷಿನಲ್ಲಿ ಕೊಡಿ. ಫೋನ್ ಮಾಡುವಾಗ ಅವರ ಕೈಯಲ್ಲಿ ಆ ಪುಟ ಇರಬೇಕು.

ಒಂದು ಪ್ರಕರಣ ಇಟ್ಟುಕೊಂಡು ನೋಡೋಣ

ಇದು ತಿಳಿಯಲಿಕ್ಕೆಂದು ನಾನು ಕಟ್ಟಿದ ಪ್ರಕರಣ, ಅಂಕಿಗಳೂ ನಾನು ಹಾಕಿದವು. ಆದರೆ ಜತ್ತ ತಾಲ್ಲೂಕಿನ ಪೂರ್ವ ಭಾಗದವರಿಗೆ ಇದು ಹೊಸದೇನೂ ಅಲ್ಲ.

ಎರಡು ಎಕರೆ ದಾಳಿಂಬೆ ಇರುವ ಒಬ್ಬ ರೈತ 2024ರ ಫೆಬ್ರವರಿ 12ರಂದು ವಿಜಯಪುರದಲ್ಲಿ ಬೋರಿಗೆ ಹಾಕುವ ಸಬ್‌ಮರ್ಸಿಬಲ್ ಪಂಪ್‌ಸೆಟ್ಟು ಕೊಂಡರು. ಬೆಲೆ 42,500 ರೂಪಾಯಿ, ವಾರಂಟಿ ಒಂದು ವರ್ಷ. ಏಪ್ರಿಲ್ 9ರಂದು ಮೋಟರ್ ಸುಟ್ಟಿತು. 10ರಂದು ಕಂಪನಿಗೆ ಫೋನಿನಲ್ಲಿ ತಕರಾರು ಬರೆಸಿದರು, 12ರಂದು ಸರ್ವಿಸ್ ಸೆಂಟರಿಗೆ ಒಪ್ಪಿಸಿದರು. 26ರಂದು ವರದಿ ಬಂತು: ನೀರಿಲ್ಲದೆ ಓಡಿದ್ದರಿಂದ ವೈಂಡಿಂಗ್ ಸುಟ್ಟಿದೆ, ವಾರಂಟಿ ಅನ್ವಯಿಸುವುದಿಲ್ಲ. ಗಿಡ ಒಣಗಲು ಬಿಡುವಂತಿಲ್ಲ. ಟ್ಯಾಂಕರಿಗೆ 1,500 ರೂಪಾಯಿಯಂತೆ 18 ಟ್ಯಾಂಕರ್ ನೀರು ಹಾಕಿಸಿದರು. ಕೊನೆಗೆ ಮೇ 4ರಂದು ಬೇರೆ ಮೋಟರ್ ಕೊಂಡು ಇಳಿಸಿದರು. ಸುಟ್ಟ ಮೋಟರ್ ಎತ್ತಿದ ಕೂಲಿ 3,500 ರೂಪಾಯಿ.

ತೋಟಕ್ಕೆ ಕೊಂಡವನು ಗ್ರಾಹಕನೇ ಎಂಬ ಸಂಶಯ ಬೇಡ. ವ್ಯಾಪಾರದ ಉದ್ದೇಶಕ್ಕೆ ಕೊಂಡರೆ ಗ್ರಾಹಕನಲ್ಲ ಎಂದು ಕಾಯ್ದೆ ಹೇಳಿದರೂ, ಸ್ವಂತ ದುಡಿಮೆಯಿಂದ ಹೊಟ್ಟೆಪಾಡು ನಡೆಸಲು ಕೊಂಡದ್ದನ್ನು ಹೊರಗಿಟ್ಟಿಲ್ಲ. ಬಿತ್ತನೆ ಬೀಜ ಕೊಂಡ ಆಂಧ್ರಪ್ರದೇಶದ ರೈತರ ವಿಷಯದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ, ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ಪ್ರಕರಣದಲ್ಲಿ, ಅವರು ಗ್ರಾಹಕರೇ ಎಂದು ಹೇಳಿದೆ. ಆದ್ದರಿಂದಲೇ ಹೇಳಿಕೆಯ ಮೊದಲ ಸಾಲಿನಲ್ಲಿ "ನನ್ನ ಮನೆ ಈ ತೋಟದ ಮೇಲೆಯೇ ನಡೆಯುತ್ತದೆ" ಎಂಬ ಮಾತು ಬರಬೇಕು.

ಇನ್ನು ಲೆಕ್ಕ. ಈ ರೈತರಿಗೆ ನಿಜವಾಗಿ ಹೋದ ಹಣ ಮೋಟರಿನದು 42,500, ಎತ್ತಿದ ಕೂಲಿ 3,500, 18 ಟ್ಯಾಂಕರಿಗೆ 27,000, ಒಟ್ಟು 73,000 ರೂಪಾಯಿ. ಆದರೆ ಟ್ಯಾಂಕರಿನವರು ಪಾವತಿ ಕೊಟ್ಟಿದ್ದು, ಅಥವಾ ಫೋನ್‌ಪೇಯಲ್ಲಿ ಹಣ ಹೋದದ್ದು 12 ಟ್ಯಾಂಕರಿಗೆ ಮಾತ್ರ. ಉಳಿದ ಆರಕ್ಕೆ ನಗದು ಕೊಟ್ಟಿದ್ದಾರೆ, ಕಾಗದವಿಲ್ಲ. ಆರಂಭದ ಹೇಳಿಕೆಯಲ್ಲಿ 73,000 ಎನ್ನಬೇಕೋ, ಕಾಗದವಿರುವ 64,000 ಎನ್ನಬೇಕೋ?

64,000 ಎನ್ನಬೇಕು. ಇದು ಉದಾರತನದ ಮಾತಲ್ಲ. ಕಾಗದವಿಲ್ಲದ ಒಂದು ಅಂಕಿ ಹೇಳಿದರೆ ಕಂಪನಿಯವರು ಉಳಿದೆಲ್ಲವನ್ನು ಬಿಟ್ಟು ಅದನ್ನೇ ಹಿಡಿಯುತ್ತಾರೆ. "ಆರು ಟ್ಯಾಂಕರಿನ ರಸೀದಿ ಎಲ್ಲಿದೆ?" ಎಂಬ ಮಾತಿನಲ್ಲಿ ಒಂದು ತಾಸು ಹೋಗುತ್ತದೆ, ಮೋಟರಿನ ಮಾತು ಹಿಂದೆ ಬೀಳುತ್ತದೆ. ಎಲ್ಲ ಅಂಕಿಗೂ ಒಂದೊಂದು ಕಾಗದವಿದ್ದರೆ ಚರ್ಚೆಗೆ ಉಳಿಯುವುದು ಒಂದೇ ಪ್ರಶ್ನೆ, ಮೋಟರ್ ಏಕೆ ಸುಟ್ಟಿತು ಎಂಬುದು.

ಆ ಪ್ರಶ್ನೆಗೆ ರೈತರ ಬಳಿ ಇರುವ ಗಟ್ಟಿ ಸಂಗತಿ ಯಾವುದು? "ನಾನು ಒಣ ಓಡಿಸಿಲ್ಲ" ಎನ್ನುವುದು ಸಂಗತಿಯಲ್ಲ, ಅದು ಅವರ ಮಾತಿಗೆ ನಮ್ಮ ಮಾತು. ಅದೇ ಬೋರಿನಲ್ಲಿ, ಅಷ್ಟೇ ಆಳದಲ್ಲಿ, ಅದೇ ಪ್ಯಾನೆಲ್ ಬೋರ್ಡಿನ ಮೇಲೆ, ಮೇ ತಿಂಗಳ ಕಡು ಬೇಸಿಗೆಯಲ್ಲಿ ಇಳಿಸಿದ ಬೇರೆ ಮೋಟರ್ ಇಂದಿಗೂ ಓಡುತ್ತಿದೆ ಎನ್ನುವುದು ಸಂಗತಿ. ಇದನ್ನು ಫೋನಿನಲ್ಲಿ ಒಂದೇ ವಾಕ್ಯದಲ್ಲಿ ತಿರುಗಿ ಹೇಳಬಹುದು, ಕೇಳಿದ ಮೇಲಿನವರೂ ಒಂದು ಕ್ಷಣ ಯೋಚಿಸುತ್ತಾರೆ. ನಿಮ್ಮ ಪ್ರಕರಣದಲ್ಲೂ ಇಂಥದೊಂದು ಸಂಗತಿ ಇರುತ್ತದೆ. ಅದನ್ನು ಹುಡುಕಿ ಹೇಳಿಕೆಯ ನಡುವೆ ಇಡಿ. ಎರಡನೆಯದು, ಮೂರನೆಯದು ಇದ್ದರೆ ಕೇಳಿದಾಗ ಹೇಳಲಿಕ್ಕೆ ಉಳಿಸಿಕೊಳ್ಳಿ.

ದುರ್ಬಲ ಜಾಗವೂ ಒಂದಿದೆ. ಈ ರೈತರ ವಾರಂಟಿ ಕಾರ್ಡಿನ ಮೇಲೆ ಅಂಗಡಿಯವರ ಶಿಕ್ಕಾ ಇಲ್ಲ. ಮುಚ್ಚಿಟ್ಟರೆ ಕಂಪನಿಯವರು ಅದನ್ನೇ ದೊಡ್ಡದು ಮಾಡುತ್ತಾರೆ. ನಾವೇ ಮೊದಲು ಹೇಳಿ, ಬಿಲ್ಲಿನ ಮೇಲೆ ಮೋಟರಿನ ಸೀರಿಯಲ್ ನಂಬರ್ ಇದೆ ಎಂದು ಕೂಡಲೇ ತೋರಿಸಿದರೆ ಆ ಮಾತು ಅಲ್ಲಿಗೇ ಮುಗಿಯುತ್ತದೆ.

ಹೇಳಿಕೆ ಹೀಗಿರಬಹುದು

ನಿಧಾನವಾಗಿ ಓದಿದರೂ ಮೂರು ನಿಮಿಷದೊಳಗೆ ಮುಗಿಯುವಂತೆ ಬರೆದಿದ್ದೇನೆ.

"ನಮಸ್ಕಾರ. ನಾನು ತಿಕೋಂಡಿಯ ರೈತ. ನನ್ನದು ಎರಡು ಎಕರೆ ದಾಳಿಂಬೆ. ನನ್ನ ಮನೆ ಈ ತೋಟದ ಮೇಲೆಯೇ ನಡೆಯುತ್ತದೆ.

"2024ರ ಫೆಬ್ರವರಿ 12ರಂದು ವಿಜಯಪುರದಲ್ಲಿ ನಿಮ್ಮ ಕಂಪನಿಯ ಪಂಪ್‌ಸೆಟ್ಟು ಕೊಂಡೆ. ಬೆಲೆ 42,500 ರೂಪಾಯಿ, ವಾರಂಟಿ ಒಂದು ವರ್ಷ. ಏಪ್ರಿಲ್ 9ರಂದು, ಎರಡು ತಿಂಗಳು ತುಂಬುವ ಮೊದಲೇ, ಮೋಟರ್ ಸುಟ್ಟಿತು. ಮರುದಿನವೇ ತಿಳಿಸಿದೆ. 12ರಂದು ನಿಮ್ಮ ಸರ್ವಿಸ್ ಸೆಂಟರಿಗೆ ಒಪ್ಪಿಸಿದೆ, ಅದರ ರಸೀದಿ ಇಲ್ಲಿದೆ. 26ರಂದು, ನೀರಿಲ್ಲದೆ ಓಡಿದೆ, ವಾರಂಟಿ ಇಲ್ಲ ಎಂದು ವರದಿ ಕೊಟ್ಟಿರಿ. ಹಾಗೆಂದು ಹೇಗೆ ತಿಳಿಯಿತು ಎಂಬುದನ್ನು ವರದಿಯಲ್ಲಿ ಬರೆದಿಲ್ಲ.

"ಮೇ 4ರಂದು ಬೇರೆ ಮೋಟರ್ ಕೊಂಡು ಅದೇ ಬೋರಿಗೆ, ಅಷ್ಟೇ ಆಳಕ್ಕೆ ಇಳಿಸಿದೆ. ಪ್ಯಾನೆಲ್ ಬೋರ್ಡೂ ಅದೇ. ಎಂಟು ತಿಂಗಳಾಯಿತು, ಅದು ಇವತ್ತಿಗೂ ಓಡುತ್ತಿದೆ.

"ನನ್ನ ವಾರಂಟಿ ಕಾರ್ಡಿಗೆ ಶಿಕ್ಕಾ ಬಿದ್ದಿಲ್ಲ ಎಂಬುದು ನನಗೆ ಗೊತ್ತಿದೆ. ಬಿಲ್ಲಿನ ಮೇಲೆ ಮೋಟರಿನ ನಂಬರ್ ಇದೆ, ನೀವು ತೆಗೆದುಕೊಂಡ ಮೋಟರಿನ ನಂಬರೂ ಅದೇ.

"ಇವತ್ತು ಇತ್ಯರ್ಥವಾದರೆ ನಾನು ಕೇಳುವುದು ಇಷ್ಟು. ಮೋಟರಿನ ಬೆಲೆ 42,500. ಎತ್ತಿದ ಕೂಲಿ 3,500. ಮೋಟರ್ ಇಲ್ಲದ ದಿನಗಳಲ್ಲಿ ಹಾಕಿಸಿದ, ರಸೀದಿ ಇರುವ 12 ಟ್ಯಾಂಕರಿಗೆ 18,000. ಒಟ್ಟು 64,000 ರೂಪಾಯಿ. 30 ದಿನದೊಳಗೆ ನನ್ನ ಬ್ಯಾಂಕ್ ಖಾತೆಗೆ ಬರಬೇಕು. ಹಳೆಯ ಮೋಟರ್ ನಿಮ್ಮಲ್ಲೇ ಇದೆ, ನೀವೇ ಇಟ್ಟುಕೊಳ್ಳಬಹುದು. ನಿಮ್ಮ ಮಾತನ್ನೂ ಕೇಳಲು ಸಿದ್ಧನಿದ್ದೇನೆ."

ಇದರಲ್ಲಿ ಏನಿಲ್ಲ ಎಂಬುದನ್ನೂ ನೋಡಿ. ಕಾಯ್ದೆಯ ಕಲಂಗಳಿಲ್ಲ. 'ಮೋಸಗಾರ ಕಂಪನಿ' ಎಂಬ ಮಾತಿಲ್ಲ. ಅಂಗಡಿಯವರ ಮೇಲೆ ದೋಷವಿಲ್ಲ. ಅಂಗಡಿಯವರೂ ಎದುರುದಾರರಾಗಿ ಅಲ್ಲೇ ಕುಳಿತಿರಬಹುದು, ಆದರೆ ಮೋಟರ್ ಮಾರಿದ ದಿನ ಮತ್ತು ನಂಬರನ್ನು ಅವರೇ ಒಪ್ಪಿ ಹೇಳಿದರೆ ನಮಗೇ ಲಾಭ. ಮತ್ತೆ ಮತ್ತೆ ಸರ್ವಿಸ್ ಸೆಂಟರಿಗೆ ಅಲೆದ ಕಥೆಯೂ ಇಲ್ಲ. ಕೇಳಿದರೆ ಹೇಳಬಹುದು.

ದೂರಿನಲ್ಲಿ ಮಾನಸಿಕ ಯಾತನೆಗೆ ಬೇರೆ ಮೊತ್ತ ಕೇಳಿರುತ್ತೀರಿ. ಅದನ್ನು ಬಿಟ್ಟಂತಾಯಿತೇ? ಇಲ್ಲ. "ಇವತ್ತು ಇತ್ಯರ್ಥವಾದರೆ" ಎಂಬ ಎರಡು ಮಾತು ಇರುವುದು ಅದಕ್ಕಾಗಿಯೇ. ಇತ್ಯರ್ಥವಾಗದಿದ್ದರೆ ದೂರು ಇದ್ದ ಹಾಗೇ ಆಯೋಗದ ಮುಂದೆ ಹೋಗುತ್ತದೆ. ಮಧ್ಯಸ್ಥಿಕೆಯಲ್ಲಿ ಆಡಿದ ಮಾತು ಗೌಪ್ಯ. ನೀವು ಕಡಿಮೆಗೆ ಒಪ್ಪುತ್ತೇನೆ ಎಂದದ್ದನ್ನು ಕಂಪನಿಯವರು ಮುಂದೆ ಆಯೋಗದಲ್ಲಿ ಸಾಕ್ಷಿಯಾಗಿ ಎತ್ತುವಂತಿಲ್ಲ. ಅವರು ಕೊಡುತ್ತೇನೆ ಎಂದದ್ದನ್ನು ನೀವೂ ಎತ್ತುವಂತಿಲ್ಲ. ಮೊಬೈಲಿನಲ್ಲಿ ಮಾತು ರೆಕಾರ್ಡ್ ಮಾಡಿಕೊಳ್ಳಲು ಹೋಗಬೇಡಿ.

ಜೇಬಿನಲ್ಲಿ ಇರಬೇಕಾದ ಇನ್ನೊಂದು ಚೀಟಿ

ಹೇಳಿಕೆಯಲ್ಲಿ ಬರುವುದು ನೀವು ಕೇಳುವ ಮೊತ್ತ. ಎಷ್ಟಕ್ಕೆ ಇಳಿಯಬಲ್ಲಿರಿ ಎಂಬುದನ್ನು ಬೇರೆ ಚೀಟಿಯಲ್ಲಿ ಮನೆಯಲ್ಲೇ ಬರೆದು, ಮನೆಯವರ ಜೊತೆ ಮಾತಾಡಿ, ಜೇಬಿನಲ್ಲಿ ಇಟ್ಟುಕೊಳ್ಳಿ. ಆರಂಭದಲ್ಲಿ ಅದನ್ನು ಹೇಳಬಾರದು. ಹೇಳಿದರೆ ಮಾತುಕತೆ ಅಲ್ಲಿಂದಲೇ ಕೆಳಗೆ ಇಳಿಯುತ್ತದೆ. ಮಧ್ಯಸ್ಥರು ಇಬ್ಬರನ್ನೂ ಬೇರೆ ಬೇರೆ ಕರೆದು ಮಾತಾಡುವುದುಂಟು. ಆಗ ಬೇಕಾದರೆ ಅವರ ಮುಂದೆ ಮಾತ್ರ ಹೇಳಬಹುದು, "ಇದನ್ನು ಅವರಿಗೆ ತಿಳಿಸಬೇಡಿರಿ" ಎಂದು ಸ್ಪಷ್ಟವಾಗಿ ಹೇಳಿ.

ನಮ್ಮ ರೈತರ ಚೀಟಿಯಲ್ಲಿ 46,000 ಎಂದಿದೆ, ಅಂದರೆ ಮೋಟರಿನ ಬೆಲೆ ಮತ್ತು ಎತ್ತಿದ ಕೂಲಿ. ಟ್ಯಾಂಕರಿನ ಹಣದಲ್ಲಿ ಹಗ್ಗ ಸಡಿಲ ಬಿಡಬಹುದು, ಮೋಟರಿನಲ್ಲಿ ಬಿಡುವುದಿಲ್ಲ ಎಂಬುದು ಅವರ ಲೆಕ್ಕ. ಈ ಲೆಕ್ಕ ಹಾಕುವಾಗ ಇತ್ಯರ್ಥ ಬಿಟ್ಟರೆ ಏನಾಗುತ್ತದೆ ಎಂದೂ ನೋಡಬೇಕು. ದೂರನ್ನು ಮೂರು ತಿಂಗಳಲ್ಲಿ, ವಸ್ತುವನ್ನು ಪರೀಕ್ಷೆಗೆ ಕಳಿಸಬೇಕಾದರೆ ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಅದಕ್ಕಿಂತ ಹೆಚ್ಚು ಕಾಲ ಹಿಡಿಯುವುದೂ ಉಂಟು. ಮೋಟರ್ ಪ್ರಯೋಗಾಲಯಕ್ಕೆ ಹೋದರೆ ವರದಿ ಯಾರ ಕಡೆ ಬರುತ್ತದೆ ಎಂದು ಇಂದೇ ಹೇಳಲಾಗದು. 46,000ಕ್ಕಿಂತ ಕೆಳಗಾದರೆ ಆ ದಾರಿಯನ್ನೇ ಹಿಡಿಯುವುದು ಲೇಸು ಎಂದು ಅವರಿಗೆ ಅನ್ನಿಸಿದೆ. ನಿಮ್ಮ ಅಂಕಿ ಬೇರೆ ಇರಬಹುದು, ಆದರೆ ಅದು ಮನೆಯಲ್ಲಿ ಬರೆದದ್ದಾಗಿರಬೇಕು. ಅಲ್ಲಿ ಕುಳಿತು ದಣಿದ ಮೇಲೆ ಹೊಳೆದದ್ದಾಗಬಾರದು.

ಕಂಪನಿಯವರಿಗೆ ಮೊದಲೇ ಕೇಳಬೇಕಾದ ಒಂದು ಪ್ರಶ್ನೆ

ಹೇಳಿಕೆ ಶುರು ಮಾಡುವ ಮೊದಲು ಮಧ್ಯಸ್ಥರ ಮೂಲಕ ಕೇಳಿಸಿ: "ಬಂದವರಿಗೆ ಇವತ್ತು ಒಪ್ಪಿ ಸಹಿ ಮಾಡುವ ಅಧಿಕಾರ ಪತ್ರ ಇದೆಯೇ? ಇಲ್ಲದಿದ್ದರೆ ಯಾರನ್ನು ಕೇಳಬೇಕು, ಅವರು ಇವತ್ತು ಫೋನಿಗೆ ಸಿಗುತ್ತಾರೆಯೇ?" ಎರಡೂ ಇಲ್ಲವೆಂದರೆ ಅಂದಿನ ಮಾತು ಗಾಳಿಗೆ ಹೋದಂತೆ. ಆಗ ಇನ್ನೊಂದು ತಾರೀಖು ಕೇಳಿ, ಅಧಿಕಾರವಿರುವವರು ಬರಲಿ ಎಂದು ಬರೆಸುವುದು ಒಳ್ಳೆಯದು.

ಇತ್ಯರ್ಥವಾದರೆ ಷರತ್ತುಗಳನ್ನು ಬರೆದು ಇಬ್ಬರೂ ಸಹಿ ಮಾಡುತ್ತಾರೆ. ಮಧ್ಯಸ್ಥರು ಅದನ್ನು ಆಯೋಗಕ್ಕೆ ಕಳಿಸುತ್ತಾರೆ, ಅದು ತಲುಪಿದ ಏಳು ದಿನದೊಳಗೆ ಆಯೋಗ ಆದೇಶ ಹೊರಡಿಸಬೇಕು. ಈ ಆದೇಶದ ಮೇಲೆ ಅಪೀಲು ಇಲ್ಲ, ನಿಮಗೂ ಇಲ್ಲ, ಅವರಿಗೂ ಇಲ್ಲ. ಆದ್ದರಿಂದ ಸಹಿ ಮಾಡುವ ಮುನ್ನ ನಿಮಗೆ ತಿಳಿಯುವ ಭಾಷೆಯಲ್ಲಿ ಪೂರ್ತಿ ಓದಿಸಿಕೊಳ್ಳಿ. ಹೇಳಿಕೆಯ ಕೊನೆಯ ಭಾಗವನ್ನೇ ಇದಕ್ಕೆ ಪಟ್ಟಿಯಾಗಿ ಬಳಸಬಹುದು: ಎಷ್ಟು ಹಣ, ಯಾವ ತಾರೀಖಿನೊಳಗೆ, ಯಾವ ಖಾತೆಗೆ, ಹಳೆಯ ವಸ್ತು ಯಾರದು. 'ಕಂಪನಿ ಶೀಘ್ರದಲ್ಲಿ ಪಾವತಿಸುವುದು' ಎಂದು ಬರೆದಿದ್ದರೆ ತಾರೀಖು ಹಾಕಿಸಿ. 'ಶೀಘ್ರ' ಎನ್ನುವುದು ಯಾವ ಪಂಚಾಂಗದಲ್ಲೂ ಇಲ್ಲ. ಹಣದ ಬದಲು ಹೊಸ ಮೋಟರ್ ಕೊಡುತ್ತೇವೆ ಎಂದರೆ ಅದರ ವಾರಂಟಿ ಯಾವ ದಿನದಿಂದ ಎಂದು ಬರೆಸಿ. ಇಲ್ಲದಿದ್ದರೆ ಹಳೆಯ ಬಿಲ್ಲಿನ ದಿನದಿಂದ ಎಣಿಸಿ, ವಾರಂಟಿ ಮುಗಿದಿದೆ ಎನ್ನಬಹುದು. ಕೆಲವು ಅಂಶ ಮಾತ್ರ ಇತ್ಯರ್ಥವಾದರೆ ಅಷ್ಟನ್ನು ಬರೆದುಕೊಂಡು ಉಳಿದದ್ದನ್ನು ಆಯೋಗ ವಿಚಾರಣೆ ಮಾಡುತ್ತದೆ.

ಕೆಲವು ಕಡೆ ಮಧ್ಯಸ್ಥಿಕೆಗೆ ಮೊದಲೇ ಒಂದು ಚಿಕ್ಕ ಲಿಖಿತ ಟಿಪ್ಪಣಿ ಕೇಳುತ್ತಾರೆ. ಅದರ ಗಡುವು ನಿಮಗೆ ಬಂದ ಪತ್ರದಲ್ಲಿ ಇರುತ್ತದೆ. ಮೇಲಿನ ಹೇಳಿಕೆಯನ್ನೇ ಬರೆದು ಬಿಲ್ಲು, ಸರ್ವಿಸ್ ಸೆಂಟರಿನ ರಸೀದಿ, ವರದಿ, ಟ್ಯಾಂಕರಿನ ಪಾವತಿಗಳ ಝೆರಾಕ್ಸ್ ಲಗತ್ತಿಸಿದರೆ ಸಾಕು. ಕಾಗದಗಳಿಗೆ 1, 2, 3 ಎಂದು ನಂಬರ್ ಹಾಕಿ, ಹೇಳಿಕೆಯಲ್ಲಿ ತಾರೀಖು ಬಂದ ಕಡೆ ಆ ನಂಬರ್ ಬರೆಯಿರಿ. ಅಸಲು ಕಾಗದ ತೋರಿಸಿ ತಿರುಗಿ ತೆಗೆದುಕೊಳ್ಳಿ, ಯಾರ ಕೈಯಲ್ಲೂ ಬಿಟ್ಟು ಬರಬೇಡಿ.

ಬರೆದು ಮುಗಿಸಿದ ಮೇಲೆ ಒಂದು ಕೆಲಸ ಮಾಡಿ. ಪ್ರಕರಣ ಗೊತ್ತಿಲ್ಲದ ಒಬ್ಬರ ಮುಂದೆ ಅದನ್ನು ಓದಿ, ನಂತರ ಕಾಗದ ನೋಡದೆ ತಿರುಗಿ ಹೇಳಲು ಅವರಿಗೇ ಹೇಳಿ. ಏನು ಕೊಂಡದ್ದು, ಏನಾಯಿತು, ಎಷ್ಟು ಬೇಕು, ಯಾವಾಗ ಬೇಕು, ಈ ನಾಲ್ಕು ಅವರ ಬಾಯಲ್ಲಿ ಸರಿಯಾಗಿ ಬಂದರೆ ಹೇಳಿಕೆ ಸಿದ್ಧವಾಯಿತು. ಬಾರದ್ದು ಯಾವುದೋ ಆ ಸಾಲನ್ನು ತಿದ್ದಿ. ವಿಚಾರಣೆಯ ತಾರೀಖು ಬಂದಿರುವ ಸದಸ್ಯರು ಬರೆದದ್ದನ್ನು ತಂದರೆ ಸಂಘದಲ್ಲಿ ಕುಳಿತು ಕೇಳುವ ಆ ಒಬ್ಬರ ಕೆಲಸವನ್ನು ನಾನು ಮಾಡುತ್ತೇನೆ. ತಾರೀಖಿಗೆ ಕನಿಷ್ಠ ಒಂದು ವಾರ ಮೊದಲು ಬನ್ನಿ, ಬಿಲ್ಲಿನ ಝೆರಾಕ್ಸ್ ಜೊತೆಗಿರಲಿ.

– ಕಾರ್ಯದರ್ಶಿ